ಪಟ್ಟಿಯಲ್ಲಿ ಚಾಂಡ್ಲರ್ ಇಲ್ಲ, ಫೀನಿಕ್ಸ್ ಆರಿಸಿ

ತುಮಕೂರು ಕಡೆಯಿಂದ ಅರಿಜೋನಾದ ಚಾಂಡ್ಲರ್‌ಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕ್ ಖಾತೆ, ಸಿಮ್, ಬಾಡಿಗೆ ಕರಾರು ಎಲ್ಲ ಮೊದಲ ವಾರದಲ್ಲಿ ಹೇಗೋ ಮುಗಿಯುತ್ತವೆ. ನಾನು ಎಡವಿದ್ದು ಲ್ಯಾಪ್‌ಟಾಪಿನ ಗಡಿಯಾರದಲ್ಲಿ.

ಟೈಮ್ ಝೋನ್ ಪಟ್ಟಿಯಲ್ಲಿ ಚಾಂಡ್ಲರ್ ಹುಡುಕಿದೆ, ಸಿಗಲಿಲ್ಲ. ಇಲ್ಲಿನವರು ಮೌಂಟನ್ ಟೈಮ್ ಅನ್ನುತ್ತಾರಲ್ವಾ, ಅದಕ್ಕೆ `America/Denver` ಒತ್ತಿದೆ. ಅದು ಜನವರಿ, ಗಂಟೆ ಸರಿಯಾಗೇ ಇತ್ತು. ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಸುಮ್ನೆ ಕೈಯಿಂದ ಹಿಂದಕ್ಕೆ ತಿರುಗಿಸಿಬಿಟ್ಟೆ. ಝೋನ್ ಮಾತ್ರ ಡೆನ್ವರ್ ಆಗಿಯೇ ಉಳಿಯಿತು.

ಮೇ ತಿಂಗಳಲ್ಲಿ ಕ್ಯಾತ್ಸಂದ್ರದ ಮನೆಯಲ್ಲಿ ಅಕ್ಕನ ಮೊಮ್ಮಗಳ ನಾಮಕರಣ. ಮುಹೂರ್ತ ಬೆಳಗ್ಗೆ 10:30, ಅಂದರೆ ನಮಗೆ ಹಿಂದಿನ ರಾತ್ರಿ 10. ಕ್ಯಾಲೆಂಡರ್ ಡೆನ್ವರ್ ಲೆಕ್ಕ ಹಿಡಿದು 11 ಎಂದು ತೋರಿಸಿತು. ನಾನು 11ಕ್ಕೆ ವಿಡಿಯೋ ಕಾಲ್ ಮಾಡಿದಾಗ ಅಮ್ಮ ಕಾದು ಕಾದು ಹೆಸರು ಕರೆಸಿ ಆಗಿತ್ತು. ಮಲ್ಲಿಗೆ ಸುತ್ತಿದ ತೊಟ್ಟಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಆ ಹೊತ್ತು ಮತ್ತೆ ಸಿಗಲಿಲ್ಲ.

ಆಮೇಲೆ ಕೂತು ತಿಳಿದುಕೊಂಡೆ. ಆ ಟೈಮ್ ಝೋನ್ ಪಟ್ಟಿ ಬರುವುದು ಟಿಝೆಡ್ ಡೇಟಾಬೇಸಿನಿಂದ, ಅದು ಊರುಗಳ ಪಟ್ಟಿಯಲ್ಲ. 1970ರಿಂದ ಈಚೆಗೆ ಗಡಿಯಾರ ಒಂದೇ ಥರ ನಡೆದ ಪ್ರದೇಶಕ್ಕೆ ಒಂದು ಹೆಸರು ಸಾಕು ಎಂಬುದು ಅದರ ಲೆಕ್ಕ. ಆ ಹೆಸರು ಸಾಮಾನ್ಯವಾಗಿ ಅಲ್ಲಿ ಜಾಸ್ತಿ ಜನ ಇರುವ ಊರಿನದು. ಅರಿಜೋನಾ 1968ರಲ್ಲೇ ಬೇಸಿಗೆಗೆ ಗಡಿಯಾರ ತಿರುಗಿಸುವುದನ್ನು ಬಿಟ್ಟಿತು. ಡೆನ್ವರ್ ಈಗಲೂ ತಿರುಗಿಸುತ್ತದೆ. ಹಾಗಾಗಿ ಅರಿಜೋನಾದ ದೊಡ್ಡ ಊರಾದ ಫೀನಿಕ್ಸ್‌ಗೆ ಬೇರೆ ಸಾಲು, ಚಾಂಡ್ಲರ್ ಅದರೊಳಗೆ. ಅರಿಜೋನಾದಲ್ಲೇ ನವಾಹೊ ನಾಡಿನವರು ಮಾತ್ರ ಗಡಿಯಾರ ತಿರುಗಿಸುತ್ತಾರೆ, ಅವರಿಗೆ ಡೆನ್ವರ್ ಸರಿ.

ಲಿನಕ್ಸ್ ಇದ್ದರೆ ಹೀಗೆ ನೋಡಿ:

```
grep '^US' /usr/share/zoneinfo/zone.tab
```

ಕೊನೆಯ ಅಂಕಣದಲ್ಲಿ ಯಾವ ಸಾಲು ಯಾವ ಪ್ರದೇಶದ್ದು ಅಂತ ಇರುತ್ತದೆ, ಅದನ್ನೇ ಓದಿ. ಆಮೇಲೆ ಜುಲೈ ತಾರೀಖಿನಲ್ಲಿ ಪರೀಕ್ಷಿಸಿ. ಜನವರಿಯಲ್ಲಿ ಎರಡೂ ಒಂದೇ, ತಪ್ಪು ಗೊತ್ತಾಗುವುದಿಲ್ಲ.

```
TZ=America/Phoenix date -d 2024-07-01 +%z
```

`-0700` ಬರಬೇಕು. ಡೆನ್ವರ್ ಹಾಕಿದರೆ `-0600` ಬರುತ್ತದೆ. `America/Chandler` ಅಂತ ಬರೆದರೆ ತಪ್ಪು ಅಂತ ಹೇಳುವುದೇ ಇಲ್ಲ, `+0000` ಕೊಟ್ಟು ಸುಮ್ಮನಾಗುತ್ತದೆ. ಅದು ಕಂಡರೆ ಹೆಸರು ಸಿಕ್ಕಿಲ್ಲ ಅಂತಲೇ ತಿಳಿಯಿರಿ.

ಅಮ್ಮನ ಊರಿನ ಗಡಿಯಾರಕ್ಕೆ `Asia/Kolkata` ಹಾಕಿ. ಇಡೀ ಭಾರತಕ್ಕೆ ಅದೊಂದೇ. ಹಳೆಯ ಕಂಪ್ಯೂಟರಿನಲ್ಲಿ `Asia/Calcutta` ಕಂಡರೆ ಅದೂ ಅದೇ. ನನ್ನ ಮಗಳು ಅದನ್ನು ಓದಿ, "ಅಜ್ಜಿ ಕೋಲ್ಕತ್ತಾದವರಾ?" ಅಂತ ಕೇಳಿದ್ದಳು. ಹುಟ್ಟಿದ್ದು ಇಲ್ಲೇ, ಅವಳಿಗೆ ಊರು ಅಂದರೆ ಪರದೆಯ ಮೇಲಿನ ಹೆಸರು. ಅವತ್ತು ಚೀಟಿಯಲ್ಲಿ 'ತುಮಕೂರು' ಎಂದು ಕನ್ನಡದಲ್ಲಿ ಬರೆದು ಅಮ್ಮನ ಊರಿನ ಹೊತ್ತು ತೋರಿಸುವ ಗೋಡೆ ಗಡಿಯಾರದ ಕೆಳಗೆ ಅಂಟಿಸಿದೆ. ಅದಕ್ಕೂ ನಮ್ಮ ಗಡಿಯಾರಕ್ಕೂ ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ.