ಕರಿದ ಎಣ್ಣೆಯ ಬಣ್ಣ ನೋಡಿ ತೀರ್ಮಾನಿಸುವುದು ಹೇಗೆ?

ಕಳೆದ ಗೋಕುಲಾಷ್ಟಮಿಯ ದಿನ ನಮ್ಮ ಅಡುಗೆಮನೆಯಲ್ಲಿ ಒಂದು ಸಣ್ಣ ವಾದ ನಡೆಯಿತು. ಚಕ್ಕುಲಿ ಮುಗಿದಿತ್ತು, ಕೋಡುಬಳೆಯೂ ಮುಗಿದಿತ್ತು. ಬಾಣಲೆಯಲ್ಲಿ ಎಣ್ಣೆ ಕೆಂಪಗೆ ನಿಂತಿತ್ತು. "ಈ ಎಣ್ಣೆ ಕೆಟ್ಟೋಯ್ತು ಕಣಮ್ಮ, ಕಜ್ಜಾಯಕ್ಕೆ ಬೇರೆ ಇಡು" ಎಂದರು ಅತ್ತೆ. "ಇಲ್ಲ ಅತ್ತೆ, ಅದು ಖಾರದ ಪುಡಿ ಬಿಟ್ಟ ಬಣ್ಣ" ಎಂದೆ. ವಾದ ಬಗೆಹರಿಸಿದ್ದು ಕಿಟಕಿಯಲ್ಲಿಟ್ಟಿದ್ದ ಒಂದು ಚಿಕ್ಕ ಗಾಜಿನ ಶೀಶೆ. ಆ ಶೀಶೆಯಲ್ಲಿ ಏನಿತ್ತು, ಅದನ್ನು ಹೇಗೆ ಬಳಸುವುದು ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಎರಡು ಚಮಚ ಎತ್ತಿಡಿ

ಬಾಣಲೆಗೆ ಎಣ್ಣೆ ಸುರಿಯುವ ಮೊದಲು ಎರಡು ದೊಡ್ಡ ಚಮಚದಷ್ಟನ್ನು ಬಣ್ಣವಿಲ್ಲದ ಗಾಜಿನ ಶೀಶೆಗೆ ಹಾಕಿ ಮುಚ್ಚಿಡಿ. ಕಂದು ಬಣ್ಣದ ಔಷಧಿ ಶೀಶೆ ಬೇಡ. ಅದೇ ಅಳತೆಯ ಇನ್ನೊಂದು ಶೀಶೆ ಖಾಲಿ ಇರಲಿ. ಕರಿದ ಎಣ್ಣೆ ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಇದಕ್ಕೆ ಹಾಕಬೇಕು. ಎರಡರಲ್ಲೂ ಎಣ್ಣೆ ಒಂದೇ ಮಟ್ಟಕ್ಕೆ ಇರಲಿ. ಹಿಂದೆ ಬಿಳಿ ಹಾಳೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲಾ ಎಣ್ಣೆಯೂ ಹಳದಿಯೇ.

ಇಷ್ಟೆಲ್ಲಾ ಯಾಕೆ, ಬಾಣಲೆಯಲ್ಲೇ ಕಾಣುತ್ತದಲ್ಲ ಎನ್ನಬಹುದು. ಕಾಣುವುದಿಲ್ಲ. ಬಾಣಲೆಯ ತಳವೇ ಕಪ್ಪು. ಜೊತೆಗೆ ಎಣ್ಣೆ ಆಳವಾಗಿದ್ದಷ್ಟೂ ಬಣ್ಣ ಗಾಢವಾಗಿ ಕಾಣುತ್ತದೆ. ತಟ್ಟೆಯಲ್ಲಿ ತಿಳಿ ಹಳದಿಯಾಗಿದ್ದ ಎಣ್ಣೆಯೇ ಐದು ಲೀಟರ್ ಕ್ಯಾನಿನಲ್ಲಿ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲೂ ಇದೇ ಲೆಕ್ಕ. ಅಲ್ಲಿ ಟಿಂಟೋಮೀಟರ್ ಎಂಬ ಉಪಕರಣವಿದೆ. ಗೊತ್ತಾದ ದಪ್ಪದ ಗಾಜಿನ ಪೆಟ್ಟಿಗೆಗೆ ಎಣ್ಣೆ ತುಂಬಿ, ಹಳದಿ ಮತ್ತು ಕೆಂಪು ಗಾಜುಗಳನ್ನು ಜೋಡಿಸುತ್ತಾ ಬಣ್ಣ ಹೊಂದಿಸಿ ನೋಡುತ್ತಾರೆ. ಪೆಟ್ಟಿಗೆಯ ದಪ್ಪ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಹೋಲಿಕೆ ಮಾತ್ರ ಅದೇ ಎಣ್ಣೆಯ ಜೊತೆಗೇ ಇರಬೇಕು. ರಿಫೈನ್ಡ್ ಎಣ್ಣೆ ತೆಳು ಬಣ್ಣಕ್ಕಿರುವುದು ಕಾರ್ಖಾನೆಯಲ್ಲಿ ವಿಶೇಷ ಜೇಡಿಮಣ್ಣಿನಿಂದ ಬಣ್ಣ ತೆಗೆಯುವುದರಿಂದ. ಗಾಣದ ಶೇಂಗಾ ಎಣ್ಣೆ ಗಾಢವಾಗಿರುವುದು ಆ ಕೆಲಸ ಮಾಡಿಲ್ಲದಿರುವುದರಿಂದ. ತಿಳಿ ಬಣ್ಣ ಅಂದರೆ ಒಳ್ಳೆಯದು, ಗಾಢ ಅಂದರೆ ಕೆಟ್ಟದ್ದು ಅಂತೇನೂ ಇಲ್ಲ. ಗಾಣದ ಎಣ್ಣೆಯಲ್ಲಿ ಜಿಗುಟಿನ ಅಂಶ ಉಳಿದಿರುತ್ತದೆ. ಮೊದಲ ಸಲ ಕಾಯಿಸಿದಾಗಲೇ ಅದು ನೊರೆ ಎದ್ದು ಕಪ್ಪಾಗುವುದುಂಟು. ಅದನ್ನು ನೋಡಿ ಗಾಣದವರು ಮೋಸ ಮಾಡಿದರು ಅಂದುಕೊಳ್ಳಬೇಡಿ.

ಬಣ್ಣ ಎಲ್ಲಿಂದ ಬಂತು?

ಎಣ್ಣೆ ಕಪ್ಪಾಗಿದೆ ಅಂತ ಕಂಡ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬಣ್ಣಕ್ಕೆ ಎರಡು ಮೂಲ ಇವೆ.

ಒಂದು, ಕರಿದ ಪದಾರ್ಥ. ಒಣಮೆಣಸಿನಕಾಯಿಯ ಕೆಂಪು, ಅರಿಶಿನದ ಹಳದಿ ಎರಡೂ ಎಣ್ಣೆಯಲ್ಲಿ ಕರಗುತ್ತವೆ. ಎಷ್ಟು ಸೋಸಿದರೂ ಹೋಗುವುದಿಲ್ಲ, ಆದರೆ ಎಣ್ಣೆ ತಿಳಿಯಾಗಿಯೇ ಇರುತ್ತದೆ. ಉದುರಿದ ಹಿಟ್ಟಿನ ಚೂರು, ಬೆಲ್ಲ ಹಾಗಲ್ಲ. ಇವು ತಳದಲ್ಲಿ ಕೂತು ಸೀದು, ಎಣ್ಣೆಯನ್ನು ಕಂದು ಮಾಡಿ ಮಬ್ಬಾಗಿಸುತ್ತವೆ.

ಇನ್ನೊಂದು, ಎಣ್ಣೆಯೇ ಮುರಿಯುವುದು. ಕಾದ ಎಣ್ಣೆಗೆ ಮೇಲಿನಿಂದ ಗಾಳಿ ತಾಗುತ್ತದೆ, ಬಜ್ಜಿಯ ಒಳಗಿಂದ ನೀರು ಆವಿಯಾಗಿ ಬರುತ್ತದೆ. ನೀರು ಎಣ್ಣೆಯನ್ನು ಸೀಳಿ ಕೊಬ್ಬಿನ ಆಮ್ಲಗಳನ್ನು ಬಿಡಿಸುತ್ತದೆ. ಇವು ಜಾಸ್ತಿಯಾದಂತೆ ಎಣ್ಣೆ ಬೇಗ ಹೊಗೆಯಾಡುತ್ತದೆ. ಗಾಳಿ ಮತ್ತು ಬಿಸಿ ಸೇರಿ ಎಣ್ಣೆಯ ಅಣುಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಆಗ ಎಣ್ಣೆ ದಪ್ಪವಾಗುತ್ತದೆ. ಹಳೆಯ ಬಾಣಲೆಯ ಅಂಚಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಅಂಟು ಅಂಟು ಕಂದು ಪೊರೆ ಇರುತ್ತದಲ್ಲ, ಅದು ಹೀಗೆ ಗಟ್ಟಿಯಾದ ಎಣ್ಣೆಯೇ. ಮರಕ್ಕೆ ಬಳಿದ ಅಗಸೆ ಎಣ್ಣೆ ಒಣಗಿ ಪೊರೆ ಕಟ್ಟುವುದೂ ಹೆಚ್ಚುಕಡಿಮೆ ಇದೇ ರೀತಿ.

ಈ ಎರಡನೇ ಕೆಲಸದಿಂದಲೂ ಬಣ್ಣ ಏರುತ್ತದೆ, ಆದರೆ ನಿಧಾನ. ಮೊದಲನೆಯದು ಅರ್ಧ ಗಂಟೆಯಲ್ಲೇ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಬರೀ ಬಣ್ಣ ನಂಬಿದರೆ ಎರಡೂ ಕಡೆ ಮೋಸ ಹೋಗಬಹುದು. ಒಳ್ಳೆಯ ಎಣ್ಣೆಯನ್ನು ಚೆಲ್ಲಬಹುದು, ಕೆಟ್ಟದ್ದನ್ನು ಉಳಿಸಿಕೊಳ್ಳಬಹುದು.

ಅಷ್ಟಮಿಯ ಎಣ್ಣೆಗೆ ಏನಾಯಿತು?

ಅಂದು ಇಟ್ಟಿದ್ದು ಒಂದು ಲೀಟರ್ ರಿಫೈನ್ಡ್ ಶೇಂಗಾ ಎಣ್ಣೆ. ಚಕ್ಕುಲಿ ಮುಗಿದ ಮೇಲೆ ಶೀಶೆಗೆ ಹಾಕಿ ನೋಡಿದೆ. ಬಣ್ಣ ಒಂದು ಛಾಯೆಯಷ್ಟೇ ಏರಿತ್ತು. ಕರಿಯುವಾಗ ಮೊದಲ ಒಬ್ಬೆಗೆ ನೊರೆ ಬಂದಿತ್ತು ನಿಜ. ಹಿಟ್ಟಿಗೆ ಹಾಕಿದ ಬೆಣ್ಣೆ ಜಾಸ್ತಿಯಾಗಿತ್ತು, ಅಷ್ಟೇ.

ಕೋಡುಬಳೆ ಆದ ಮೇಲೆ ಎಣ್ಣೆ ಕೆಂಪು ಕಿತ್ತಳೆ. ಆದರೆ ಶೀಶೆಯ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತಿತ್ತು. ವಾಸನೆ ಶೇಂಗಾದ್ದೇ. ಚಮಚದಿಂದ ಬಿಟ್ಟರೆ ಹೊಸ ಎಣ್ಣೆಯಷ್ಟೇ ಸರಾಗವಾಗಿ ಇಳಿಯುತ್ತಿತ್ತು. ಅಲ್ಲಿಗೆ ಅತ್ತೆ ಒಪ್ಪಿದರು, ಕಜ್ಜಾಯವೂ ಅದರಲ್ಲೇ ಆಯಿತು.

ಕಜ್ಜಾಯದ ನಂತರದ ಎಣ್ಣೆ ನೋಡಿದರೆ ಯಾರಿಗಾದರೂ ಚೆಲ್ಲಬೇಕು ಅನ್ನಿಸುತ್ತದೆ. ಕಾಫಿ ಡಿಕಾಕ್ಷನ್ ತರಹ ಇತ್ತು. ಸೋಸಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆ. ಬೆಳಿಗ್ಗೆ ತಳದಲ್ಲಿ ಬೆರಳಿನ ಅರ್ಧ ಗೆಣ್ಣಿನಷ್ಟು ಕಪ್ಪು ಗಸಿ, ಮೇಲೆ ತಿಳಿಯಾದ ಕೆಂಪು ಎಣ್ಣೆ. ಅಂದರೆ ಕಪ್ಪಿನ ಬಹುಪಾಲು ಸೀದ ಬೆಲ್ಲ ಮತ್ತು ಹಿಟ್ಟಿನದು. ಕಜ್ಜಾಯವನ್ನು ಯಾವಾಗಲೂ ಕೊನೆಗೆ ಕರಿಯಬೇಕು ಅನ್ನುವುದು ಇದಕ್ಕೇ. ಮೇಲಿನ ತಿಳಿ ಬಗ್ಗಿಸಿಕೊಂಡು ಎರಡು ದಿನ ಒಗ್ಗರಣೆಗೆ ಬಳಸಿದೆ.

ಸ್ವಲ್ಪ ಉಳಿಯಿತು. ನೋಡೋಣ ಅಂತ ಮೂರು ವಾರದ ಮೇಲೆ ಅದರಲ್ಲಿ ನಾಲ್ಕು ಹಪ್ಪಳ ಬಿಟ್ಟೆ. ಶೀಶೆಯಲ್ಲಿ ಬಣ್ಣ ಹಿಂದಿನಷ್ಟೇ ಇತ್ತು. ಆದರೆ ಹಪ್ಪಳ ಅರಳುವಷ್ಟು ಕಾಯುವ ಮೊದಲೇ ತೆಳುವಾಗಿ ಹೊಗೆ ಎದ್ದಿತು. ಸಣ್ಣ ಸಣ್ಣ ಗುಳ್ಳೆಯ ನೊರೆ ಅಂಚಿನವರೆಗೂ ಹರಡಿ, ಹಪ್ಪಳ ತೆಗೆದ ಮೇಲೂ ಒಡೆಯಲಿಲ್ಲ. ಹೊಸ ಎಣ್ಣೆಯಲ್ಲಿ ಏಳುವುದು ದೊಡ್ಡ ಗುಳ್ಳೆ, ಪದಾರ್ಥದ ತೇವ ಆರಿದ ಕೂಡಲೇ ನಿಲ್ಲುತ್ತದೆ. ಮೂಗಿಗೆ ಹಳೇ ಬಣ್ಣದ ಡಬ್ಬಿಯಂಥ ಕಮಟು. ಈ ಸಲ ಅತ್ತೆಯನ್ನು ಕೇಳುವ ಹಾಗೇ ಇರಲಿಲ್ಲ.

ಹಾಗಾಗಿ ಬಣ್ಣ ನೋಡಿದ ಮೇಲೆ ಈ ನಾಲ್ಕನ್ನೂ ನೋಡಿ: ಹೊಗೆ, ನೊರೆ, ದಪ್ಪ, ವಾಸನೆ. ಇವುಗಳಲ್ಲಿ ಎರಡು ಕೆಟ್ಟಿದ್ದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಎಣ್ಣೆ ಮುಗಿಯಿತು.

ಬಣ್ಣ ಸುಳ್ಳು ಹೇಳುವುದು ಯಾವಾಗ?

ಹಳೆಯ ಎಣ್ಣೆಗೆ ಹೊಸದನ್ನು ಬೆರೆಸಿದಾಗ. ಬೀದಿ ಬದಿಯ ಬೋಂಡಾ ಬಾಣಲೆಯಲ್ಲಿ ಎಣ್ಣೆ ಕಡಿಮೆಯಾದ ಹಾಗೆ ಮೇಲಿಂದ ಸುರಿಯುತ್ತಾರೆ. ಬಣ್ಣ ತಿಳಿಯಾಗುತ್ತದೆ, ಆದರೆ ಮುರಿದ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ, ಒಳಗೇ ಇರುತ್ತದೆ. ಸೋಸುವುದೂ ಹಾಗೇ. ಬಟ್ಟೆಯಲ್ಲಿ ನಿಲ್ಲುವುದು ಚೂರು ಮಾತ್ರ.

ಎಣ್ಣೆಯ ಜಾತಿಯೂ ಮೋಸ ಮಾಡುತ್ತದೆ. ಹೋಟೆಲ್, ಬೇಕರಿಗಳಲ್ಲಿ ಬಳಸುವ ಪಾಮೋಲಿನ್ ಬೇಗ ಕಪ್ಪಾಗುತ್ತದೆ, ಆದರೆ ಬಿಸಿಗೆ ಚೆನ್ನಾಗಿಯೇ ತಡೆಯುತ್ತದೆ. ಸೂರ್ಯಕಾಂತಿ ಎಣ್ಣೆ ತಿಳಿಯಾಗಿ ಕಾಣುತ್ತಲೇ ದಪ್ಪವಾಗಿ ಅಂಟು ಹಿಡಿಯುತ್ತದೆ. ಇವೆರಡನ್ನು ಪಕ್ಕಪಕ್ಕ ಇಟ್ಟು ಬಣ್ಣದ ಮೇಲೆ ತೀರ್ಪು ಕೊಟ್ಟರೆ ಅದು ತಿರುವುಮುರುವಾಗುವ ಸಾಧ್ಯತೆಯೇ ಹೆಚ್ಚು.

ಅದಕ್ಕೇ ಕಾನೂನು ಬಣ್ಣವನ್ನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಶೇ 25 ದಾಟಬಾರದು ಎಂದು ಹೇಳಿದೆ. 2018ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಹೆಸರು ದೊಡ್ಡದು, ಅರ್ಥ ಸರಳ: ಎಣ್ಣೆ ಮುರಿದು ಹುಟ್ಟಿದ ವಸ್ತುಗಳ ಒಟ್ಟು ಪ್ರಮಾಣ. ಕೈಯಲ್ಲಿ ಹಿಡಿಯುವ ಮೀಟರನ್ನು ಬಿಸಿ ಎಣ್ಣೆಗೆ ಅದ್ದಿದರೆ ಅಂಕಿ ತೋರಿಸುತ್ತದೆ. ದಿನವಿಡೀ ಕರಿಯುವವರಿಗೆ ಅದು ಬೇಕು. ಮನೆಗೆ ಶೀಶೆ ಮತ್ತು ಮೂಗು ಸಾಕು.

ತುಪ್ಪದ ವಿಷಯ ಬೇರೆ

ಹಸುವಿನ ತುಪ್ಪ ಹಳದಿ, ಎಮ್ಮೆಯದು ಬಿಳಿ. ಹುಲ್ಲಿನಲ್ಲಿರುವ ಕ್ಯಾರೊಟಿನ್ ಹಸುವಿನ ಹಾಲಿನ ಕೊಬ್ಬಿಗೆ ಸ್ವಲ್ಪ ಹಾಗೇ ಬರುತ್ತದೆ. ಎಮ್ಮೆ ಅದನ್ನು ಎ ವಿಟಮಿನ್ ಆಗಿ ಬದಲಾಯಿಸಿಬಿಡುತ್ತದೆ. ಹಸಿ ಹುಲ್ಲು ಮೇಯುವ ಮಳೆಗಾಲದಲ್ಲಿ ಹಸುವಿನ ತುಪ್ಪದ ಹಳದಿ ಏರುತ್ತದೆ, ಒಣ ಹುಲ್ಲಿನ ದಿನಗಳಲ್ಲಿ ಇಳಿಯುತ್ತದೆ. ವರ್ಷವಿಡೀ ಒಂದೇ ಹಳದಿ ಇದ್ದರೆ ಸ್ವಲ್ಪ ಅನುಮಾನಪಡಬಹುದು. ಬೇರೆ ಬೇರೆ ಕಡೆಯ ಬೆಣ್ಣೆ ಬೆರೆಸುವ ಡೇರಿಯ ತುಪ್ಪವಾದರೆ ಆ ಅನುಮಾನಕ್ಕೂ ಜಾಗ ಇಲ್ಲ.

ಬಣ್ಣ ನೋಡಬೇಕಾದ್ದು ಕರಗಿಸಿದ ಮೇಲೆ. ಹರಳು ಕಟ್ಟಿದ ತುಪ್ಪ ಯಾವಾಗಲೂ ಬೆಳ್ಳಗೆ ಕಾಣುತ್ತದೆ. ಕರಗಿದ ತುಪ್ಪ ಕಂದಾಗಿದ್ದರೆ ಬೆಣ್ಣೆ ಕಾಯಿಸುವಾಗ ಗಸಿ ಸೀದಿದೆ ಎಂದರ್ಥ. ನುಗ್ಗೆಸೊಪ್ಪು ಅಥವಾ ವೀಳ್ಯದೆಲೆ ಹಾಕಿ ಇಳಿಸಿದ್ದರೆ ತುಸು ಹಸಿರು. ಕರಿಯಲು ಇಟ್ಟ ತುಪ್ಪ ಮೊದಲ ಒಬ್ಬೆಗೇ ಕಪ್ಪಾದರೂ ಹೆಚ್ಚಿನ ಸಲ ಕಾರಣ ಅದೇ: ಸರಿಯಾಗಿ ಸೋಸದೆ ಉಳಿದ ಗಸಿ. ಇನ್ನೊಮ್ಮೆ ಬಟ್ಟೆಯಲ್ಲಿ ಸೋಸಿ ನೋಡಿ.

ವನಸ್ಪತಿ ಬೆರೆತಿದೆಯೇ ಅನ್ನುವುದನ್ನು ಮಾತ್ರ ಬಣ್ಣದಿಂದ ಹೇಳಲು ಆಗುವುದಿಲ್ಲ. ಅದಕ್ಕೆಂದೇ ವನಸ್ಪತಿಯಲ್ಲಿ ಎಳ್ಳೆಣ್ಣೆ ಇರಲೇಬೇಕು ಎಂದು ನಮ್ಮ ಸರ್ಕಾರ ಹಿಂದೆಯೇ ನಿಯಮ ಮಾಡಿತ್ತು. ಪ್ರಯೋಗಾಲಯದಲ್ಲಿ ಆಮ್ಲ ಹಾಕಿ ನಡೆಸುವ ಪರೀಕ್ಷೆಯಲ್ಲಿ ಆ ಎಳ್ಳೆಣ್ಣೆ ಗುಲಾಬಿ ಬಣ್ಣಕ್ಕೆ ತಿರುಗಿ ಕಲಬೆರಕೆಯ ಗುಟ್ಟು ಬಿಟ್ಟುಕೊಡುತ್ತದೆ.

ಮುಗಿದ ಎಣ್ಣೆಯನ್ನು ಏನು ಮಾಡುವುದು?

ಸಿಂಕಿಗೆ ಬೇಡ, ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಸ್ವಲ್ಪವಾದರೆ ಹಳೇ ಪತ್ರಿಕೆಗೆ ಹೀರಿಸಿ ಕಸಕ್ಕೆ ಹಾಕಿ. ಹೋಟೆಲುಗಳ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ವ್ಯವಸ್ಥೆಯನ್ನು ಎಫ್‌ಎಸ್‌ಎಸ್‌ಎಐ 2018ರಲ್ಲೇ ಶುರು ಮಾಡಿದೆ. ನಮ್ಮ ಮನೆಯ ಆ ಹಪ್ಪಳದ ಎಣ್ಣೆಯನ್ನು ದೀಪಕ್ಕೆ ಹಾಕೋಣವೇ ಅಂತ ಕೇಳಿದೆ. "ದೇವರಿಗೆ ಕಮಟು ಎಣ್ಣೆನಾ?" ಎಂದರು ಅತ್ತೆ. ಕೊನೆಗೆ ಗೇಟಿನ ಕೀಲಿಗೆ ಬಿಟ್ಟೆವು. ಒಂದು ತಿಂಗಳಲ್ಲಿ ಅಲ್ಲೂ ಅಂಟು ಹಿಡಿಯಿತು, ಈಗ ಗೇಟು ಮೊದಲಿಗಿಂತ ಜಾಸ್ತಿ ಬಿಗಿ.