ಸೊಂಟ ಸಣ್ಣದಾಗಲಿ, ದಾರಂದ ಬಾಗದಿರಲಿ

ಕಳೆದ ತಿಂಗಳು ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶದ ಆಲ್ಬಂ ತಿರುವುತ್ತಿದ್ದಾಗ, ದೇವರ ಕೋಣೆಯ ಮುಂದೆ ನಿಂತ ಮನೆಯೊಡತಿಯ ಚಿತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತೇಗದ ದಾರಂದ. ಮೇಲಿನಿಂದ ನೆಟ್ಟಗೆ ಇಳಿದು ಬಂದ ಆ ಮರ ಅವರ ಸೊಂಟದ ಮಟ್ಟದಲ್ಲಿ ಬಿಲ್ಲಿನಂತೆ ಒಳಕ್ಕೆ ಬಾಗಿ, ಮೊಣಕಾಲಿನ ಹತ್ತಿರ ಮತ್ತೆ ನೆಟ್ಟಗಾಗಿತ್ತು. ಇನ್ನೊಂದು ಬದಿಯಲ್ಲಿ ಗೋಡೆಯ ಟೈಲ್ಸ್ ನಡುವಿನ ಗೆರೆಗಳು ನೀರಿನಲ್ಲಿ ನೋಡಿದ ಹಾಗೆ ಅಲೆಯಾಡುತ್ತಿದ್ದವು. ಫೋಟೊಶಾಪ್‌ನ ಲಿಕ್ವಿಫೈಯಿಂದ ಸೊಂಟವನ್ನು ಒಳಕ್ಕೆ ತಳ್ಳಿದವರು ಅದರ ಜೊತೆಗೆ ಮನೆಯನ್ನೂ ತಳ್ಳಿದ್ದರು. ಮೂಲ ಚಿತ್ರವನ್ನು ತರಿಸಿಕೊಂಡು ಆ ಕೆಲಸವನ್ನು ನಾನೇ ಮತ್ತೊಮ್ಮೆ ಮಾಡಿದೆ. ಅದನ್ನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೆರೆಗಳು ಬಾಗುವ ಕಾರಣ ಸರಳವಾಗಿದೆ. ಲಿಕ್ವಿಫೈಗೆ ಮನುಷ್ಯ ಯಾರು, ಗೋಡೆ ಯಾವುದು ಎಂಬ ಭೇದ ತಿಳಿಯದು. ಬ್ರಷ್‌ನ ವೃತ್ತದೊಳಗೆ ಏನಿದೆಯೋ ಅದೆಲ್ಲವೂ ಒಟ್ಟಿಗೆ ಸರಿಯುತ್ತದೆ. ಹಿಂದೆ ಖಾಲಿ ಆಕಾಶವೋ ಮಸುಕಾದ ಗಿಡಮರಗಳೋ ಇದ್ದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ದಾರಂದ, ಕಿಟಕಿಯ ಸರಳು, ಟೈಲ್ಸ್ ಇದ್ದರೆ ಮಾತ್ರ ಎರಡು ಪಿಕ್ಸೆಲ್‌ನ ಡೊಂಕೂ ಎದ್ದು ಕಾಣುತ್ತದೆ.

ಇದಕ್ಕೆ ಬಹಳ ಮಂದಿ ಹೂಡುವ ಉಪಾಯವೆಂದರೆ Freeze Mask. ಹಿನ್ನೆಲೆಯ ಮೇಲೆ ಕೆಂಪು ಬಳಿದುಬಿಟ್ಟರೆ ಅದು ಅಲ್ಲಾಡುವುದಿಲ್ಲ ಎಂಬುದೇನೋ ನಿಜ. ಆದರೆ ಸೊಂಟ ಒಳಕ್ಕೆ ಸರಿದಾಗ ಬಿಟ್ಟುಹೋದ ಜಾಗವನ್ನು ಯಾವುದಾದರೂ ತುಂಬಲೇಬೇಕಲ್ಲ! ಕೆಂಪಿನ ಅಂಚಿಗೂ ಸೀರೆಗೂ ನಡುವೆ ಉಳಿದ ಕೆಲವೇ ಪಿಕ್ಸೆಲ್‌ಗಳು ರಬ್ಬರಿನ ಹಾಗೆ ಎಳೆದುಕೊಂಡು ಆ ಜಾಗವನ್ನು ತುಂಬುತ್ತವೆ, ಮರದ ಎಳೆಗಳು ಅಡ್ಡಕ್ಕೆ ಬಳಿದ ಹಾಗಾಗುತ್ತವೆ. ದಾರಂದ ಮೈಯಿಂದ ಒಂದು ಗೇಣು ದೂರದಲ್ಲಿದ್ದರೆ ಈ ಉಪಾಯ ಸಾಕು, ಮೈಯ ಹಿಂದೆಯೇ ಹಾದುಹೋಗಿದ್ದರೆ ಸಾಲದು. ಎಲ್ಲವನ್ನೂ ತಳ್ಳಿದ ಮೇಲೆ ಮಾಸ್ಕ್ ಹಾಕಿ ಹಳೆಯ ಹಿನ್ನೆಲೆಯನ್ನು ಮರಳಿ ತರುವವರೂ ಇದ್ದಾರೆ. ಹಾಗೆ ಮಾಡಿದರೆ ಹೊಸ ಸೊಂಟದ ಪಕ್ಕದಲ್ಲಿ ಹಳೆಯ ಸೊಂಟದ ಅಂಚೂ ಮರಳಿ ಬಂದು ಕೂರುತ್ತದೆ. ಮೊಬೈಲಿನ ‘ಸ್ಲಿಮ್’ ಆ್ಯಪ್‌ಗಳಲ್ಲಿರುವ ಹಿನ್ನೆಲೆ ಕಾಯುವ ಗುಂಡಿಯನ್ನು ನಾನಂತೂ ನಂಬುವುದಿಲ್ಲ. ಮುದ್ರಣಕ್ಕೆ ಹೋಗುವ ಚಿತ್ರವನ್ನು ಅವುಗಳಿಗೆ ಒಪ್ಪಿಸಲೇಬಾರದು.

ಸರಿಯಾದ ದಾರಿ ಒಂದೇ: ಸೊಂಟ ಬಿಟ್ಟುಕೊಡುವ ಜಾಗದಲ್ಲಿ ಏನು ಕಾಣಬೇಕೋ ಅದನ್ನು ಮೊದಲೇ ಕಟ್ಟಿಡಬೇಕು, ಆಮೇಲೆ ಮೈಯನ್ನು ಬೇರೆ ಲೇಯರ್‌ನಲ್ಲಿ ತಳ್ಳಬೇಕು.

ಮೊದಲ ಹಂತ ಅಳತೆ. ನಮ್ಮ ಚಿತ್ರ 4000 × 6000 ಪಿಕ್ಸೆಲ್‌ನದು. ಅದರಲ್ಲಿ ಸೀರೆಯುಟ್ಟ ಸೊಂಟದ ಅಗಲ ಸುಮಾರು 1100 ಪಿಕ್ಸೆಲ್ ಇತ್ತು. ಪ್ರತಿ ಬದಿಯಲ್ಲಿ 40 ಪಿಕ್ಸೆಲ್ ಒಳಕ್ಕೆ ತರುವುದೆಂದು ತೀರ್ಮಾನಿಸಿದೆ. ಒಟ್ಟು ಸೇರಿ ಇದು ಶೇಕಡಾ 7ರಷ್ಟಾಗುತ್ತದೆ. ಇದಕ್ಕಿಂತ ಹೆಚ್ಚು ಕಳೆಯಲು ಹೋದರೆ ಗೆರೆಗಳು ನೆಟ್ಟಗಿದ್ದರೂ ಭುಜಕ್ಕೂ ಸೊಂಟಕ್ಕೂ ಹೊಂದಾಣಿಕೆ ತಪ್ಪುತ್ತದೆ. ಹೀಗಾಗಿ ಶೇಕಡಾ 8ನ್ನು ದಾಟಬಾರದೆಂಬುದು ನನ್ನ ನಿಯಮ. ಈ ಹಂತದಲ್ಲೇ ರೂಲರ್‌ನಿಂದ ಒಂದು ಗೈಡ್ ಎಳೆದು ದಾರಂದದ ಪಕ್ಕದಲ್ಲಿಟ್ಟು ನೋಡಿ. ಅಗಲ ಕೋನದ ಲೆನ್ಸ್‌ನಲ್ಲಿ ತೆಗೆದ ಚಿತ್ರವಾದರೆ ದಾರಂದ ಮೂಲದಲ್ಲೇ ಸ್ವಲ್ಪ ಉಬ್ಬಿರಬಹುದು. ಲೆನ್ಸ್ ತಿದ್ದುಪಡಿಯನ್ನು ಮೊದಲೇ ಮುಗಿಸಿಕೊಳ್ಳದಿದ್ದರೆ, ಮಾಡದ ತಪ್ಪನ್ನು ಕೊನೆಯಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಎರಡನೆಯದು ಮೈಯ ಕಟಿಂಗ್. ಇಡೀ ವ್ಯಕ್ತಿಯನ್ನು ಕೂದಲಿನ ಸಮೇತ ಕತ್ತರಿಸುವ ಅಗತ್ಯವಿಲ್ಲ. ನಾವು ತಳ್ಳುವುದು ಸೊಂಟವನ್ನಾದ್ದರಿಂದ ಎದೆಯ ಮಟ್ಟದಿಂದ ತೊಡೆಯವರೆಗಿನ ಭಾಗವಷ್ಟೇ ಸಾಕು. ಪೆನ್ ಟೂಲ್‌ನಿಂದ ಅಂಚನ್ನು ಹಿಡಿದು, ಒಂದು ಪಿಕ್ಸೆಲ್ ಒಳಗೆ ಗೆರೆ ಎಳೆದು, Ctrl+Enter ಒತ್ತಿ ಅದನ್ನು ಸೆಲೆಕ್ಷನ್ ಆಗಿಸಿ, Ctrl+J ಒತ್ತಿ ಹೊಸ ಲೇಯರ್ ಮಾಡಿಕೊಳ್ಳಿ. ತೋಳಿಗೂ ಸೊಂಟಕ್ಕೂ ನಡುವೆ ಹಿನ್ನೆಲೆ ಇಣುಕುವ ತ್ರಿಕೋನವಿದ್ದರೆ ಅದನ್ನೂ ಕತ್ತರಿಸಿ ತೆಗೆಯಬೇಕು. ನಮ್ಮ ಚಿತ್ರದಲ್ಲಿ ಆ ತ್ರಿಕೋನದೊಳಗೆ ಟೈಲ್ಸ್‌ನ ಎರಡು ಗೆರೆಗಳು ಕಾಣುತ್ತಿದ್ದವು. ಹಿಂದಿನವರು ಮರೆತದ್ದೂ ಅಲ್ಲಿಯೇ.

ಮೂರನೆಯ ಹಂತ ಹಿನ್ನೆಲೆಯ ಪಟ್ಟಿ. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಮೂಲ ಚಿತ್ರಕ್ಕೂ ಕತ್ತರಿಸಿದ ಮೈಗೂ ನಡುವೆ ಒಂದು ಖಾಲಿ ಲೇಯರ್ ಸೇರಿಸಿ. ಅದರಲ್ಲಿ, ಮೈಯ ಹಳೆಯ ಅಂಚಿನಿಂದ ಒಳಕ್ಕೆ ಸುಮಾರು 120 ಪಿಕ್ಸೆಲ್‌ನಷ್ಟು ಅಗಲಕ್ಕೆ, ಹಿಂದಿನ ಗೋಡೆ ಮತ್ತು ದಾರಂದ ಮುಂದುವರಿದಂತೆ ಕಟ್ಟಬೇಕು. ಬೇಕಾಗುವುದು 40 ಮಾತ್ರ, ಉಳಿದದ್ದು ಮುಂದೆ ಮನಸ್ಸು ಬದಲಾದರೆ ಇರಲಿ ಎಂದು. ಹೊರಗಡೆಗೆ ಎರಡು ಮೂರು ಪಿಕ್ಸೆಲ್ ದಾಟಿದರೆ ಸಾಕು. ಅಷ್ಟಾದರೂ ದಾಟದಿದ್ದರೆ ಸೀರೆಯ ಹಳೆಯ ಅಂಚಿನ ಬಣ್ಣ ದಾರದಂತೆ ಉಳಿದುಬಿಡುತ್ತದೆ.

ಈ ಪಟ್ಟಿಯನ್ನು ಕಟ್ಟಲು Content-Aware Fill ಬಳಸಬೇಡಿ. ಟೈಲ್ಸ್ ಗೆರೆ ಸಿಕ್ಕಿದ ಕೂಡಲೇ ಅದು ಗೆರೆಯನ್ನು ಅರ್ಧಕ್ಕೆ ತುಂಡರಿಸುತ್ತದೆ, ಇಲ್ಲವೇ ಎಲ್ಲೋ ಇದ್ದ ಸೀರೆಯ ಚೂರನ್ನು ತಂದು ಅಂಟಿಸುತ್ತದೆ. ನಾನು ಮಾಡುವುದು ಹೀಗೆ. ದಾರಂದದಲ್ಲಿ ಭುಜಕ್ಕಿಂತ ಮೇಲೆ ಪೂರ್ತಿ ಕಾಣುವ ಒಂದು ತುಂಡನ್ನು ಆಯತಾಕಾರದ ಸೆಲೆಕ್ಷನ್‌ನಿಂದ ಹಿಡಿದು, ನಕಲು ಮಾಡಿ, Shift ಒತ್ತಿಕೊಂಡೇ ಸೊಂಟದ ಮಟ್ಟಕ್ಕೆ ಇಳಿಸುತ್ತೇನೆ. Shift ಇದ್ದರೆ ತುಂಡು ಅಕ್ಕಪಕ್ಕಕ್ಕೆ ಸರಿಯದೆ ನೆಟ್ಟಗೆ ಇಳಿಯುತ್ತದೆ. ಕ್ಯಾಮೆರಾ ಓರೆಯಾಗಿದ್ದು ದಾರಂದವೂ ಓರೆಯಾಗಿದ್ದರೆ Shift ಬಿಟ್ಟು, ತುಂಡಿನ ಮೇಲ್ತುದಿ ಮತ್ತು ಕೆಳತುದಿ ಎರಡೂ ಮೂಲ ಮರದ ಅಂಚಿಗೆ ಕೂಡುವಂತೆ Ctrl+T ಒತ್ತಿ ಹೊಂದಿಸಬೇಕು. ಕೆಳಗೆ ಬಂದಂತೆ ಬೆಳಕು ಕಡಿಮೆಯಾಗುವುದರಿಂದ ತುಂಡು ಸ್ವಲ್ಪ ಬೆಳ್ಳಗೆ ಕಾಣಬಹುದು. ಅದಕ್ಕೆ Curves ಸಾಕು.

ಟೈಲ್ಸ್‌ಗೂ ಇದೇ ಕ್ರಮ, ಆದರೆ ದಿಕ್ಕು ಅಡ್ಡ. ಮೈಯ ಪಕ್ಕದಲ್ಲಿ ಅದೇ ಎತ್ತರದಲ್ಲಿರುವ ಒಂದು ಇಡೀ ಟೈಲ್ಸ್ ಅನ್ನು, ಅದರ ಮೇಲಿನ ಮತ್ತು ಕೆಳಗಿನ ಗೆರೆಗಳೂ ಸೇರುವಂತೆ ಹಿಡಿದು, ಮೈಯ ಕಡೆಗೆ ಸರಿಸಬೇಕು. ಮೊದಲು ಅಡ್ಡಗೆರೆ ಕೂಡಬೇಕು, ಆಮೇಲೆ ಲಂಬಗೆರೆ. ಗೋಡೆ ಓರೆಯಾಗಿ ದೂರಕ್ಕೆ ಸರಿಯುವಂತಿದ್ದರೆ ಟೈಲ್ಸ್ ಒಂದು ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ಆಗ Ctrl+T ಒತ್ತಿ, Ctrl ಹಿಡಿದು ನಾಲ್ಕು ಮೂಲೆಗಳನ್ನು ಒಂದೊಂದಾಗಿ ಎಳೆದು ಕೂಡಿಸಿ. ಕೂಡಿದೆಯೇ ಎಂದು ಶೇಕಡಾ 200ಕ್ಕೆ ಹಿಗ್ಗಿಸಿ ನೋಡಿ. ಗೆರೆಯಲ್ಲಿ ಒಂದು ಪಿಕ್ಸೆಲ್‌ನ ಮೆಟ್ಟಿಲು ಕಂಡರೂ ಅದನ್ನು ಅಲ್ಲಿಯೇ ಸರಿಪಡಿಸಿ, ಆಮೇಲೆ ಕ್ಲೋನ್ ಸ್ಟ್ಯಾಂಪ್‌ನಿಂದ ಒರೆಸಿದರಾಯಿತು ಎಂದು ಮುಂದೆ ಹೋಗಬೇಡಿ. ಎಲ್ಲ ತುಂಡುಗಳೂ ಕೂಡಿದ ಮೇಲೆ ಅವನ್ನು ಒಂದೇ ಲೇಯರ್ ಆಗಿ ಸೇರಿಸಿ. ಮೈಯ ಲೇಯರ್‌ನ ಕಣ್ಣು ಮುಚ್ಚಿದರೆ ಸೀರೆಯ ಎರಡೂ ಬದಿ ಕೊರೆದು ಒಳಗೆ ಗೋಡೆ ಕಟ್ಟಿದಂತೆ ವಿಚಿತ್ರವಾಗಿ ಕಾಣಬೇಕು. ಹಾಗೆ ಕಂಡರೆ ಕೆಲಸ ಸರಿಯಾಗಿದೆ ಎಂದರ್ಥ.

ಇನ್ನು ಲಿಕ್ವಿಫೈ. ಮೈಯ ಲೇಯರ್ ಅನ್ನು Convert to Smart Object ಮಾಡಿಯೇ Filter > Liquify ತೆರೆಯಿರಿ. ಕಟಿಂಗ್‌ಗೆ ಲೇಯರ್ ಮಾಸ್ಕ್ ಬಳಸಿದ್ದವರು ಇದನ್ನು ಮರೆಯಲೇಬಾರದು, ಏಕೆಂದರೆ ಲಿಕ್ವಿಫೈ ಚಿತ್ರವನ್ನಷ್ಟೇ ಸರಿಸಿ ಮಾಸ್ಕ್ ಅನ್ನು ಹಳೆಯ ಜಾಗದಲ್ಲೇ ಬಿಡುತ್ತದೆ. ಸ್ಮಾರ್ಟ್ ಆಬ್ಜೆಕ್ಟ್ ಆದರೆ ಎರಡೂ ಒಂದಾಗಿ ಸರಿಯುತ್ತವೆ. ತೆರೆದ ಕಿಟಕಿಯಲ್ಲಿ Show Backdrop ಆರಿಸಿ, ಹಿನ್ನೆಲೆಯ ಪಟ್ಟಿ ಇರುವ ಲೇಯರ್ ಅನ್ನು ತೋರಿಸುವಂತೆ ಮಾಡಿ. All Layers ಎಂದಿಟ್ಟರೆ ತಳ್ಳುವ ಮೊದಲಿನ ಮೈಯೇ ನೆರಳಿನಂತೆ ಕಂಡು ಗೊಂದಲವಾಗುತ್ತದೆ.

ಬ್ರಷ್ ದೊಡ್ಡದಿರಲಿ. ಸೊಂಟದ ಅಗಲದಷ್ಟೇ, ಅಂದರೆ ಇಲ್ಲಿ 1000ದ ಆಸುಪಾಸು ಇಟ್ಟುಕೊಂಡರೆ ತಳ್ಳುವಿಕೆ ಅಂಚಿನಲ್ಲಿ ಹೆಚ್ಚಾಗಿ, ಹೊಕ್ಕುಳಿನ ಕಡೆಗೆ ಬರುಬರುತ್ತಾ ಕರಗುತ್ತದೆ. 200ರ ಬ್ರಷ್ ಹಿಡಿದು ಚೂರುಚೂರೇ ಚುಚ್ಚಿದರೆ ಸೊಂಟ ಹಲಸಿನ ಕಾಯಿಯ ಹಾಗೆ ಗುಬ್ಬಿಗುಬ್ಬಿಯಾಗುತ್ತದೆ. Pressure 20 ಇರಲಿ, Density 50 ಇರಲಿ. Forward Warp ಒಂದನ್ನೇ ಬಳಸಿ. Pucker ಎಲ್ಲವನ್ನೂ ಒಂದೇ ಬಿಂದುವಿಗೆ ಸೆಳೆಯುವುದರಿಂದ ಸೀರೆಯ ಅಂಚಿನ ಜರಿ ಸುಕ್ಕುಗಟ್ಟುತ್ತದೆ. Freeze Mask ನಿಜವಾಗಿ ಉಪಯೋಗಕ್ಕೆ ಬರುವುದು ಈಗ: ಇಳಿಬಿಟ್ಟ ತೋಳಿನ ಮೇಲೆ, ಮತ್ತು ಕಟಿಂಗ್‌ನ ಮೇಲ್ತುದಿ ಹಾಗೂ ಕೆಳತುದಿಗಳ ಮೇಲೆ ಬಳಿಯಿರಿ. ಆ ತುದಿಗಳು ಅಲ್ಲಾಡದಿದ್ದರೆ ಮಾತ್ರ ಕೆಳಗಿರುವ ಮೂಲ ಚಿತ್ರಕ್ಕೆ ಅವು ಬೆಸೆದಂತೆ ಕೂಡುತ್ತವೆ. ಅಂಚಿನಿಂದ ನೇರವಾಗಿ ಒಳಕ್ಕೆ ನಾಲ್ಕೈದು ಸಲ ಮೆಲ್ಲನೆ ತಳ್ಳಿ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ತಳ್ಳಿ, ಆಮೇಲೆ Reconstruct ಗುಂಡಿಯನ್ನು ಒತ್ತಿ 100ರಿಂದ 70ರ ಕಡೆಗೆ ಇಳಿಸಿ ನಿಲ್ಲಿಸುವುದು ನನ್ನ ರೂಢಿ. ಕೈಯಿಂದ ಹಿಂದಕ್ಕೆ ತಳ್ಳುವುದಕ್ಕಿಂತ ಅದು ಸಮವಾಗಿ ಬರುತ್ತದೆ.

ಗೋಡೆಯ ಮೇಲೆ ಮೈಯ ನೆರಳು ಬಿದ್ದಿದ್ದರೆ ಪಟ್ಟಿಯಲ್ಲಿಯೂ ಅದನ್ನು ತೆಳುವಾಗಿ ಮುಂದುವರಿಸಿ, ಇಲ್ಲದಿದ್ದರೆ ಸೊಂಟಕ್ಕೂ ನೆರಳಿಗೂ ನಡುವೆ ಬೆಳಕಿನ ಸೀಳು ಕಾಣುತ್ತದೆ.

ಕೊನೆಗೆ ಪರೀಕ್ಷೆ. ಮೂಲ ಚಿತ್ರದ ಒಂದು ನಕಲನ್ನು ಎಲ್ಲಕ್ಕಿಂತ ಮೇಲಿಟ್ಟು ಅದರ ಬ್ಲೆಂಡ್ ಮೋಡ್ ಅನ್ನು Difference ಮಾಡಿ. ಬದಲಾಗದ ಜಾಗವೆಲ್ಲ ಕಪ್ಪಾಗಿ, ಬದಲಾದದ್ದು ಮಾತ್ರ ಬೆಳಗುತ್ತದೆ. ಅದರ ಮೇಲೊಂದು Levels ಹಾಕಿ ಬಿಳಿಯ ಬಿಂದುವನ್ನು 255ರಿಂದ 20ಕ್ಕೆ ಎಳೆದರೆ ಕಣ್ಣಿಗೆ ಕಾಣದ ವ್ಯತ್ಯಾಸವೂ ಹೊರಬೀಳುತ್ತದೆ. ಹಳೆಯ ಅಂಚಿನ ಒಳಗಿನ ಪಟ್ಟಿ ಮತ್ತು ಸೀರೆ ಬೆಳಗುವುದು ಸಹಜ. ದಾರಂದದ ಹೊರಭಾಗವೋ ದೂರದ ಟೈಲ್ಸ್ ಗೆರೆಯೋ ಬೆಳಗಿದರೆ ಏನೋ ಸರಿದಿದೆ ಎಂದು ತಿಳಿಯಿರಿ. ನಮ್ಮ ಚಿತ್ರದಲ್ಲಿ ಮೊದಲ ಸಲ ಮೊಣಕೈಯ ಬಳಿ ಕೂದಲೆಳೆಯಷ್ಟು ಗೆರೆಯೊಂದು ಮಿನುಗಿತು. ತ್ರಿಕೋನದೊಳಗಿನ ಟೈಲ್ಸ್ ತುಂಡು ಒಂದು ಪಿಕ್ಸೆಲ್ ಕೆಳಗೆ ಕೂತಿತ್ತು. ಅದನ್ನು ಬಾಣದ ಕೀಲಿಯಿಂದ ಒಮ್ಮೆ ಮೇಲಕ್ಕೆತ್ತಿದಾಗ ಕಪ್ಪಾಯಿತು.

ಪರೀಕ್ಷೆಯ ಲೇಯರ್‌ಗಳನ್ನು ಅಳಿಸಿ, ಉಳಿದವನ್ನು ಒಂದುಗೂಡಿಸದೆ ಪಿಎಸ್‌ಡಿಯಾಗಿಯೇ ಉಳಿಸಿ. ಮರುದಿನ ಆ ಮನೆಯೊಡತಿ ಕರೆ ಮಾಡಿ, ‘ಇಷ್ಟೊಂದು ಬೇಡವಿತ್ತು, ನಾನೇ ಅಲ್ಲ ಅನ್ನಿಸುತ್ತೆ’ ಎಂದರು. ಲೇಯರ್ ಪಟ್ಟಿಯಲ್ಲಿ Liquify ಎಂಬ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, Reconstruct ಅನ್ನು ಇನ್ನಷ್ಟು ಇಳಿಸಿ ಕಳುಹಿಸಿದೆ. ಹಿಂದೆ ಕಟ್ಟಿದ ಗೋಡೆಯನ್ನು ಮುಟ್ಟಬೇಕಾಗಿ ಬರಲಿಲ್ಲ.