ಟ್ಯಾಗ್ ಮಾಡಿದವರೇ ಫೋಟೋದ ಒಡೆಯರಲ್ಲ: ಗ್ರಾಹಕರ ಫೋಟೋ ಹಾಕುವ ಮುಂಚೆ ನಾನು ಮಾಡುವ ಕೆಲಸ

ನಾನು ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿಯ ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುತ್ತೇನೆ. ಸೀರೆ ಕೊಂಡವರು ಅದನ್ನು ಉಟ್ಟು ಫೋಟೋ ಹಾಕಿ ನಮ್ಮನ್ನು ಟ್ಯಾಗ್ ಮಾಡುತ್ತಾರೆ. ಮಾಡೆಲ್ ಉಟ್ಟ ಫೋಟೋಗಿಂತ ಇಂಥ ಫೋಟೋ ನೋಡಿಯೇ ಜನ ಜಾಸ್ತಿ ವಿಚಾರಿಸುತ್ತಾರೆ. ಸೆರಗು ಎಷ್ಟು ಉದ್ದ ಬೀಳುತ್ತದೆ, ಖಣದ ಕುಪ್ಪಸದ ಜೊತೆ ಹೇಗೆ ಕಾಣುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುವುದು. ಹಾಗಾಗಿ ಇವುಗಳನ್ನು ಕೂಡಿಸಿ, ಒಪ್ಪಿಗೆ ಪಡೆದು, ಸರದಿಯಲ್ಲಿ ಇಟ್ಟು ಹಾಕುವುದು ನನ್ನ ಕೆಲಸದ ದೊಡ್ಡ ಪಾಲು.

ಮೊದಲು ಕೂಡಿಸುವ ಮಾತು. ಫೋಟೋದ ಮೇಲೆ ನಮ್ಮನ್ನು ಟ್ಯಾಗ್ ಮಾಡಿದ್ದರೆ ಅದು ನಮ್ಮ ಪ್ರೊಫೈಲಿನ ಟ್ಯಾಗ್ ವಿಭಾಗಕ್ಕೆ ಬರುತ್ತದೆ. ಬರೀ ಕ್ಯಾಪ್ಷನ್ನಿನಲ್ಲಿ @ ಹಾಕಿ ಹೆಸರು ಬರೆದಿದ್ದರೆ ಅಲ್ಲಿಗೆ ಬರುವುದಿಲ್ಲ, ನೋಟಿಫಿಕೇಶನ್ನಿನಲ್ಲಿ ಮಾತ್ರ ಕಾಣುತ್ತದೆ. ಸ್ಟೋರಿಯಲ್ಲಿ ಹೆಸರು ಹಾಕಿದರೆ ಮೆಸೇಜ್ ಬಾಕ್ಸಿಗೆ ಬರುತ್ತದೆ, 24 ಗಂಟೆ ಕಳೆದರೆ ಸ್ಟೋರಿಯೇ ಮಾಯ. ಆದ್ದರಿಂದ ಬೆಳಿಗ್ಗೆ ಮೊದಲು ಸ್ಟೋರಿ, ಆಮೇಲೆ ಉಳಿದದ್ದು. ಟ್ಯಾಗ್ ಜಾಸ್ತಿ ಬರುವ ಹಬ್ಬದ ದಿನಗಳಲ್ಲಿ ಕೈಯಲ್ಲಿ ನೋಡಿ ಮುಗಿಯುವುದಿಲ್ಲ. ಆಗ ಪರಿಚಯದ ಹುಡುಗನೊಬ್ಬ ಬರೆದುಕೊಟ್ಟ ಸಣ್ಣ ಪ್ರೋಗ್ರಾಂ ಓಡಿಸುತ್ತೇನೆ. ಪ್ರೋಗ್ರಾಂಗಳು ಮಾಹಿತಿ ಕೇಳಿ ಪಡೆಯಲು ಇನ್‌ಸ್ಟಾಗ್ರಾಮ್ ಇಟ್ಟಿರುವ ದಾರಿಗೆ ಎಪಿಐ ಅನ್ನುತ್ತಾರೆ, ಅದನ್ನು ಇದು ಇಷ್ಟೇ ಕೇಳುತ್ತದೆ:

```
GET /<ig-user-id>/tags?fields=id,username,caption,media_type,permalink,timestamp
```

ಬಂದದ್ದು ನೇರ ಗೂಗಲ್ ಶೀಟಿಗೆ ಹೋಗುತ್ತದೆ. ಇದರಲ್ಲಿ ಸ್ಟೋರಿಗಳು ಬರುವುದಿಲ್ಲ, ಪ್ರೈವೇಟ್ ಖಾತೆಯ ಫೋಟೋಗಳೂ ಬರುವುದಿಲ್ಲ. `media_url` ಅನ್ನು ಬೇಕೆಂದೇ ಬಿಟ್ಟಿದ್ದೇನೆ. ಫೋಟೋ ಫೈಲಿನ ಆ ಲಿಂಕ್ ಕೆಲವು ದಿನಕ್ಕೆ ಸತ್ತುಹೋಗುತ್ತದೆ, ಪೋಸ್ಟಿನ ಲಿಂಕ್ ಆದ `permalink` ಮಾತ್ರ ಪೋಸ್ಟ್ ಇರುವವರೆಗೂ ಇರುತ್ತದೆ.

ಶೀಟಿಗೆ ಬಂದ ಕೂಡಲೇ ಎರಡು ಕಾರಣಕ್ಕೆ ಕೆಲವನ್ನು ಬದಿಗಿಡುತ್ತೇನೆ. ಒಂದು, ಸೀರೆ ನಮ್ಮದೇ ಹೌದಾ ಅನ್ನುವುದು. ಬೇರೆ ಕಡೆ ಕೊಂಡ ಪವರ್‌ಲೂಮ್ ಸೀರೆ ಉಟ್ಟು, ಪ್ರೀತಿಯಿಂದಲೇ ನಮ್ಮನ್ನು ಟ್ಯಾಗ್ ಮಾಡುವವರಿದ್ದಾರೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈ ಮತ್ತು ಸೆರಗಿನ ಹಾಸುಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಅದು ಗೊತ್ತಾಗುತ್ತದೆ, ಫೋಟೋದಲ್ಲಿ ಗೊತ್ತಾಗುವುದು ಕಷ್ಟ. ಅದಕ್ಕೆ ಆರ್ಡರ್ ಪಟ್ಟಿಯಲ್ಲಿ ಹೆಸರು, ಬಣ್ಣ, ಅಂಚು ತಾಳೆ ನೋಡುತ್ತೇನೆ. ಎರಡನೆಯದು ಫಿಲ್ಟರ್. ದಾಳಿಂಬೆ ಬಣ್ಣದ ಸೀರೆ ಫಿಲ್ಟರಿನಲ್ಲಿ ಕುಂಕುಮ ಕೆಂಪಾಗಿ ಕಂಡರೆ, ಅದನ್ನು ನೋಡಿ ಕೊಂಡವರು ವಾಪಸ್ ಕಳಿಸುತ್ತಾರೆ. ಫೋಟೋ ಎಷ್ಟೇ ಚೆನ್ನಾಗಿದ್ದರೂ ಇಂಥದ್ದು ನನಗೆ ಬೇಡ.

ಇನ್ನು ಒಪ್ಪಿಗೆ. ನಮ್ಮನ್ನು ಟ್ಯಾಗ್ ಮಾಡಿದ್ದಾರೆ ಅಂದಮೇಲೆ ಹಾಕಬಹುದಲ್ವಾ ಎಂದು ಅಂಗಡಿಯ ಅಕ್ಕ ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಸ್ಟೋರಿಯನ್ನು ಅಲ್ಲೇ ಇರುವ ಬಟನ್ ಒತ್ತಿ ನಮ್ಮ ಸ್ಟೋರಿಗೆ ಸೇರಿಸಿಕೊಳ್ಳುವುದು ಬೇರೆ. ಅದು ಆ್ಯಪ್ ಕೊಟ್ಟ ಸೌಲಭ್ಯ, ಅವರ ಹೆಸರಿನೊಂದಿಗೇ ಬರುತ್ತದೆ, ಒಂದು ದಿನಕ್ಕೆ ಹೋಗುತ್ತದೆ. 2025ರಲ್ಲಿ ಬಂದ ರಿಪೋಸ್ಟ್ ಬಟನ್ನೂ ಆ್ಯಪ್ ಕೊಟ್ಟದ್ದೇ, ಅಲ್ಲೂ ಅವರ ಹೆಸರೇ ಬರುತ್ತದೆ, ಒಂದು ದಿನಕ್ಕೆ ಮಾತ್ರ ಹೋಗುವುದಿಲ್ಲ. ಆದರೆ ಫೋಟೋ ಇಳಿಸಿಕೊಂಡು ನಮ್ಮ ಪೋಸ್ಟಾಗಿ ಹಾಕುವುದು, ವೆಬ್‌ಸೈಟಿನಲ್ಲಿ ಆ ಸೀರೆಯ ಪುಟಕ್ಕೆ ಸೇರಿಸುವುದು, ಜಾಹೀರಾತು ಮಾಡುವುದು, ಇವು ಮೂರಕ್ಕೂ ಕೇಳಲೇಬೇಕು. ಟ್ಯಾಗ್ ಅಂದರೆ 'ಇಲ್ನೋಡ್ರಿ' ಅಂದಷ್ಟೇ.

ಯಾರನ್ನು ಕೇಳಬೇಕು ಅನ್ನುವಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದ್ದು. ಫೋಟೋದಲ್ಲಿ ಇರುವವರದ್ದೂ ಅಲ್ಲ, ಪೋಸ್ಟ್ ಮಾಡಿದವರದ್ದೂ ಅಲ್ಲ. ಗೆಳತಿಯ ಕೈಗೆ ಫೋನ್ ಕೊಟ್ಟು ತೆಗೆಸಿಕೊಂಡರೆ ಹಕ್ಕು ಗೆಳತಿಯದ್ದು. ದುಡ್ಡು ಕೊಟ್ಟು ಫೋಟೋಗ್ರಾಫರನ್ನು ಕರೆಸಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದವರೇ ಮೊದಲ ಒಡೆಯರು. ಈಗ ಮದುವೆ ಫೋಟೋಗ್ರಾಫರುಗಳು ಬೇರೆ ಕರಾರು ಮಾಡಿಕೊಂಡಿರುವುದೂ ಉಂಟು. ಅದಕ್ಕೇ ನನ್ನ ಮೊದಲ ಪ್ರಶ್ನೆ 'ಹಾಕಬಹುದಾ' ಅಲ್ಲ, 'ಫೋಟೋ ಯಾರು ತೆಗೆದದ್ದು'.

ನಮ್ಮನ್ನು ಫಾಲೋ ಮಾಡದವರಿಗೆ ಮೆಸೇಜ್ ಕಳಿಸಿದರೆ ಅದು ರಿಕ್ವೆಸ್ಟ್ ಪೆಟ್ಟಿಗೆಗೆ ಬೀಳುತ್ತದೆ. ಅವರು ಒಪ್ಪುವವರೆಗೆ ಎರಡನೇ ಮೆಸೇಜ್ ಹೋಗುವುದಿಲ್ಲ, ಫೋಟೋ ಕಳಿಸಲೂ ಆಗುವುದಿಲ್ಲ. ಅಂದರೆ ಹೇಳುವುದನ್ನೆಲ್ಲ ಒಂದೇ ಮೆಸೇಜಿನಲ್ಲಿ ಹೇಳಬೇಕು. ನಾನು ಮೊದಲು ಅವರ ಪೋಸ್ಟಿನ ಕೆಳಗೆ 'ಸೀರೆ ನಿಮಗೆ ಬಹಳ ಒಪ್ಪುತ್ತದೆ, ಮೆಸೇಜ್ ರಿಕ್ವೆಸ್ಟ್ ಒಮ್ಮೆ ನೋಡ್ರಿ' ಎಂದು ಕಾಮೆಂಟ್ ಹಾಕುತ್ತೇನೆ. ಮೆಸೇಜ್ ಹೀಗಿರುತ್ತದೆ:

'ನಮಸ್ಕಾರ. ನೀವು ನಮ್ಮನ್ನು ಟ್ಯಾಗ್ ಮಾಡಿದ ಈ ಫೋಟೋವನ್ನು ನಿಮ್ಮ ಹೆಸರಿನೊಂದಿಗೆ ಬಳಸಿಕೊಳ್ಳಲು ಇಷ್ಟ. ಇದನ್ನು ತೆಗೆದವರು ಯಾರು? ಫೋಟೋದಲ್ಲಿರುವ ಉಳಿದವರಿಗೆ ಅಭ್ಯಂತರ ಇಲ್ಲವೇ? ನೀವೆಲ್ಲ ಒಪ್ಪಿದರೆ, 1. ಇನ್‌ಸ್ಟಾಗ್ರಾಮ್, 2. ನಮ್ಮ ವೆಬ್‌ಸೈಟ್, 3. ಜಾಹೀರಾತು, ಇವುಗಳಲ್ಲಿ ಯಾವುದಕ್ಕೆ ಸರಿ ಎಂದು ನಂಬರ್ ಬರೆಯಿರಿ. ಒಪ್ಪಿಗೆ 2 ವರ್ಷಕ್ಕೆ. ನಡುವೆ ಬೇಡ ಎನಿಸಿದರೆ ಹೇಳಿದ ಕೂಡಲೇ ತೆಗೆಯುತ್ತೇವೆ. ಬೇಡ ಅಂದರೂ ಏನೂ ಬೇಜಾರಿಲ್ಲ.'

ನಂಬರ್ ಕೇಳುವುದಕ್ಕೆ ಕಾರಣವಿದೆ. ಬರೀ 'ಓಕೆ' ಅಥವಾ ಹಾರ್ಟ್ ಬಂದರೆ ಯಾವುದಕ್ಕೆ ಓಕೆ ಎಂದು ಆಮೇಲೆ ಹೇಳಲಾಗದು. ಪೇಜಿನಲ್ಲಿ ಹಾಕಲು ಖುಷಿಪಡುವ ಎಷ್ಟೋ ಜನ ಜಾಹೀರಾತು ಅಂದರೆ ಹಿಂದೆ ಸರಿಯುತ್ತಾರೆ, ಅದು ನ್ಯಾಯವೂ ಹೌದು. ಅವಧಿ ಬರೆಯುವುದೂ ಅಷ್ಟೇ ಮುಖ್ಯ. ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು, ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ. ಒಪ್ಪಿಗೆ ಬರವಣಿಗೆಯಲ್ಲೂ ಇರಬೇಕು. ಫೋನಿನಲ್ಲಿ 'ಹಾಕ್ರಿ' ಅಂದವರಿಗೂ ನಾನು 'ಅದನ್ನೇ ಒಂದು ಸಾಲು ಮೆಸೇಜ್ ಮಾಡ್ರಿ' ಎನ್ನುತ್ತೇನೆ. ಆ ಉತ್ತರದ ಸ್ಕ್ರೀನ್‌ಶಾಟ್ ತಾರೀಖಿನೊಂದಿಗೆ ಡ್ರೈವಿನಲ್ಲಿ, ಅದರ ಲಿಂಕ್ ಶೀಟಿನ ಅದೇ ಸಾಲಿನಲ್ಲಿ ಇರುತ್ತದೆ.

ಒಂದು ಫೋಟೋದ ಕಥೆ ಹೇಳಿದರೆ ಇದೆಲ್ಲ ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ಗ್ರಾಹಕರೊಬ್ಬರು ತಮ್ಮ ಅಕ್ಕನ ಕುಬಸದ, ಅಂದರೆ ಸೀಮಂತದ, ಫೋಟೋ ಹಾಕಿ ಟ್ಯಾಗ್ ಮಾಡಿದ್ದರು. ಹಸಿರು ಸೀರೆ, ತೋಪ ತೆನಿ ಅನ್ನುವ ವಿನ್ಯಾಸದ ಕೆಂಪು ಸೆರಗು, ಬೆಳಕೂ ಚೆನ್ನಾಗಿತ್ತು. ಸೀರೆ ನಮ್ಮ ಪಟ್ಟಿಯಲ್ಲಿತ್ತು. ಕೇಳಿದ ಕೂಡಲೇ '1, 2, 3 ಎಲ್ಲಾದಕ್ಕೂ ಹಾಕ್ರಿ' ಅಂದರು. ಆದರೆ ಫೋಟೋದಲ್ಲಿ ಅವರ ಜೊತೆ ಬಸುರಿ ಅಕ್ಕ, ಒಬ್ಬ ಅತ್ತೆ, ಒಬ್ಬಳು ಸಣ್ಣ ಹುಡುಗಿ ಇದ್ದರು. ಮೂಲೆಯಲ್ಲಿ ಸ್ಟುಡಿಯೋದ ಹೆಸರೂ ಇತ್ತು. ಯಾರು ತೆಗೆಸಿದ್ದು ಎಂದರೆ, ಅಕ್ಕನ ಗಂಡನ ಮನೆಯವರು. ಅಂದರೆ ನಮಗೆ ಹೂಂ ಅಂದವರಿಗೆ ಆ ಫೋಟೋ ಕೊಡುವ ಹಕ್ಕೇ ಇರಲಿಲ್ಲ, ಪಾಪ.

ಅಂಥ ಕಡೆ ನಾನು ಮೊದಲು ಮುಖಗಳ ವಿಷಯ ಕೇಳುತ್ತೇನೆ, ಹಕ್ಕಿನ ವಿಷಯ ಆಮೇಲೆ. ಮುಖದಲ್ಲೇ ನಿಂತುಹೋದರೆ ಸ್ಟುಡಿಯೋದವರಿಗೆ ಫೋನ್ ಮಾಡುವ ಶ್ರಮ ಉಳಿಯುತ್ತದೆ. 'ನಿಮ್ಮ ಅಕ್ಕ ಏನಂತಾರೆ, ಒಮ್ಮೆ ಕೇಳ್ತೀರಾ' ಎಂದೆ. ಸಂಜೆ ಉತ್ತರ ಬಂತು. ಬಸುರಿ ಇರುವ ವಿಷಯ ಮನೆಯವರ ಆಚೆ ಹೋಗುವುದು ಬೇಡ ಎಂದು ಅಕ್ಕ ಹೇಳಿದರಂತೆ. ತಂಗಿಯ ಖಾತೆಯಲ್ಲಿ ಬಂಧುಗಳಷ್ಟೇ ನೋಡುವುದು ಬೇರೆ, ಅಂಗಡಿಯ ಪೇಜಿನಲ್ಲಿ ಸಾವಿರಾರು ಜನ ನೋಡುವುದು ಬೇರೆ, ಅಲ್ವಾ? ಮುಖ ಮಸುಕು ಮಾಡಿ ಹಾಕೋಣ ಎಂದು ಅಂಗಡಿಯಲ್ಲಿ ಸಲಹೆ ಬಂತು. ಕುಬಸದ ಫೋಟೋದಲ್ಲಿ ಮಸುಕಾದ ಮುಖ ನೋಡಲು ಚೆನ್ನಾಗಿರುವುದಿಲ್ಲ, ನೆಂಟರಿಗೆ ಹೇಗೂ ಗುರುತು ಸಿಗುತ್ತದೆ. ನಾನು ಬೇಡ ಅಂದೆ. ಹುಡುಗಿಯ ವಿಷಯಕ್ಕೂ ಅಷ್ಟೇ. 18 ತುಂಬದವರಿದ್ದರೆ ತಂದೆ ಅಥವಾ ತಾಯಿ ಬರೆದುಕೊಟ್ಟರೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯೂ 18ರವರೆಗೆ ಮಕ್ಕಳೆಂದೇ ಎಣಿಸುತ್ತದೆ. ಜಾಹೀರಾತಿಗಂತೂ ನಾನು ಮಕ್ಕಳ ಫೋಟೋ ಕೇಳುವುದೇ ಇಲ್ಲ.

ಹಾಗಂತ ಸೀರೆ ಕೈಬಿಡಬೇಕಿಲ್ಲ. 'ಅವತ್ತು ನೀವೊಬ್ಬರೇ ಇರುವ ಫೋಟೋ ಇದೆಯೇ' ಎಂದು ಕೇಳಿದೆ. ಸೋದರಮಾವನ ಮಗ ಅಂಗಳದಲ್ಲಿ ಫೋನಿನಲ್ಲಿ ತೆಗೆದದ್ದು ಸಿಕ್ಕಿತು. ತೆಗೆದವನು ಅವನು, ಹಾಗಾಗಿ ಅವನಿಂದ ಒಂದು ಸಾಲು, ಇವರಿಂದ ಒಂದು ಸಾಲು. ಅವನು '1, 2 ಸರಿ, ಜಾಹೀರಾತು ಬೇಡ' ಎಂದ. ಇಬ್ಬರ ಉತ್ತರ ಬೇರೆ ಬೇರೆ ಇದ್ದರೆ ಕಡಿಮೆ ಒಪ್ಪಿದವರ ಮಾತೇ ಶೀಟಿಗೆ ಹೋಗುತ್ತದೆ.

ಮೂಲ ಫೋಟೋ ತರಿಸುವಾಗ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳುತ್ತೇನೆ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಅಂಚಿನ ಚಿಕ್ಕಿ ಕಾಣುವುದೇ ಇಲ್ಲ. ಆದರೆ ಡಾಕ್ಯುಮೆಂಟಿನ ಜೊತೆ ಫೋಟೋ ತೆಗೆದ ಜಾಗದ ಮಾಹಿತಿಯೂ ಹಾಗೇ ಬರಬಹುದು. ಮನೆಯ ಅಂಗಳದ ಫೋಟೋ ಅಂದರೆ ಮನೆಯ ಜಾಗವೇ. ವೆಬ್‌ಸೈಟಿಗೆ ಏರಿಸುವ ಮುಂಚೆ ಅದನ್ನು ಅಳಿಸುತ್ತೇನೆ. ವಿಂಡೋಸಿನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದರೆ ಅಲ್ಲೇ ಅದಕ್ಕೆ ದಾರಿ ಇದೆ.

ಸರದಿಯ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಶೀಟಿನಲ್ಲಿ 'ಒಪ್ಪಿಗೆ ಇದೆ' ಎಂದಾದ ಸಾಲುಗಳನ್ನು ಮಾತ್ರ ಮೆಟಾ ಬಿಸಿನೆಸ್ ಸೂಟಿನಲ್ಲಿ ದಿನ ಹಾಕಿ ಇಡುತ್ತೇನೆ. ಒಂದೇ ಬಣ್ಣ ಬೆನ್ನಿಗೆ ಬೆನ್ನು ಬರಬಾರದು, ಮುಗಿದುಹೋದ ಸೀರೆಯನ್ನು ಹಾಕಿ ಆಸೆ ಹುಟ್ಟಿಸಬಾರದು, ಇಷ್ಟೇ ನೋಡುವುದು. ಹೆಸರನ್ನು ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲೇ ಹಾಕುತ್ತೇನೆ. ತೆಗೆದವರು ಬೇರೆ ಇದ್ದರೆ ಅವರದ್ದೂ. ಫೋಟೋಗಾಗಿ ರಿಯಾಯಿತಿಯನ್ನೋ ಸೀರೆಯನ್ನೋ ಕೊಟ್ಟಿದ್ದರೆ ಅದು ಗ್ರಾಹಕರ ಫೋಟೋ ಅಲ್ಲ, ಜಾಹೀರಾತು. ಹಾಗೆಂದು ಬರೆದೇ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿಯ 2021ರ ನಿಯಮ ಅದನ್ನೇ ಹೇಳುತ್ತದೆ.

ಪೋಸ್ಟ್ ಆಗುವ ದಿನ ಬೆಳಿಗ್ಗೆ `permalink` ಒಮ್ಮೆ ತೆರೆಯುತ್ತೇನೆ. ಅವರ ಮೂಲ ಪೋಸ್ಟ್ ಇಲ್ಲದಿದ್ದರೆ, ಖಾತೆ ಪ್ರೈವೇಟ್ ಆಗಿದ್ದರೆ, ಒಪ್ಪಿಗೆ ಕೈಯಲ್ಲಿದ್ದರೂ ತಡೆದು ಮತ್ತೆ ಕೇಳುತ್ತೇನೆ. ಮನೆಯಲ್ಲಿ ಏನಾಗಿದೆಯೋ ನಮಗೇನು ಗೊತ್ತು. ಹಾಕಿದ ಮೇಲೆ ಅದೇ ಸಾಲಿನಲ್ಲಿ ಎಲ್ಲೆಲ್ಲಿ ಹಾಕಿದೆ ಎಂದು ಬರೆಯುತ್ತೇನೆ: ಪೋಸ್ಟಿನ ಲಿಂಕ್, ವೆಬ್‌ಸೈಟ್ ಪುಟ, ಒಪ್ಪಿಗೆ ಮುಗಿಯುವ ತಾರೀಖು. ಯಾರಾದರೂ 'ತೆಗೀರಿ' ಅಂದರೆ ಹುಡುಕುತ್ತ ಕೂರದೆ ಎಲ್ಲ ಕಡೆಯಿಂದ ತೆಗೆದು, ಡ್ರೈವಿನ ಫೈಲನ್ನೂ ಅಳಿಸಿ, 'ತೆಗೆದಿದ್ದೇವೆ' ಎಂದು ಅವರಿಗೆ ತಿಳಿಸುತ್ತೇನೆ. ಕಾರಣ ಕೇಳುವುದಿಲ್ಲ.